ಸ್ಕ್ಯಾನ್ ನೋಡಿ ಬರೆದ ಭವಿಷ್ಯ

ರೋಗಿಯ ಮುಖ ನೋಡುವ ಮುಂಚೆ ಸ್ಕ್ಯಾನ್ ನೋಡಿ ಭವಿಷ್ಯ ಬರೆದಿಡುವುದು ವಾಕ್‌ಚಿಕಿತ್ಸಕಿಯಾದ ನನ್ನ ಚಾಳಿ. ಈ ದರ್ಜಿಗೆ ಪಾರ್ಶ್ವವಾಯು ಹೊಡೆದದ್ದು ಮಿದುಳಲ್ಲಿ, ಎಡಗಿವಿಗಿಂತ ತುಸು ಮೇಲೆ, ಕೇಳಿದ್ದನ್ನು ನಾಲಿಗೆಗೆ ದಾಟಿಸುವ ಜಾಗಕ್ಕೆ. ‘ಸರಾಗವಾಗಿ ಮಾತಾಡುತ್ತಾರೆ, ಅರ್ಥವಾಗುತ್ತದೆ, ಕೇಳಿದ್ದನ್ನು ತಿರುಗಿ ಹೇಳಲಾರರು’ ಎಂದು ಬರೆದೆ.

“ಒಂದು ಮಾತೂ ತಿರುಗಿ ಹೇಳಲ್ಲ ಮೇಡಂ, ಇವರಿಗೆ ಏನೂ ತಿಳಿಯಲ್ಲ,” ಅಂದರು ಹೆಂಡತಿ.

ನನಗೆ ರೇಗಿತು. “‘ಕತ್ತರಿ ಹರಿತವಾಗಿದೆ’ ಅನ್ನಿ,” ಅಂದೆ.

“ತಕ್ಕರಿ... ಕರ್ತಿ...” ದರ್ಜಿ ತಡವರಿಸಿದರು.

“ಮೊದಲು ಕಿಟಕಿ ಮುಟ್ಟಿ, ಆಮೇಲೆ ಕುರ್ಚಿ.”

ಹೇಳಿದ ಹಾಗೇ ಮುಟ್ಟಿದರು.

“ನೋಡಿದಿರಾ? ಎಲ್ಲಾ ಅರ್ಥವಾಗುತ್ತೆ!”

ಆಕೆ ನಾಲಿಗೆ ಕಚ್ಚಿಕೊಂಡರು. “ಅಯ್ಯೋ! ವಾರದಿಂದ ಇವರೆದುರಿಗೇ ಇವರಕ್ಕನನ್ನ ಬೈತಿದ್ದೆನಲ್ಲ!”

ದರ್ಜಿ ಕಿಸಕ್ಕನೆ ನಕ್ಕರು. “ಬೈಯೇ, ಇನ್ನೂ ಬೈ. ನೀನಂದಿದ್ದನ್ನ ಅವಳಿಗೆ ತಿರುಗಿ ಹೇಳೋಕೆ ನನ್ನ ಕೈಲಾಗುತ್ತಾ?”