ಮೂರು ಸಾವಿರದ ಪೆಟ್ಟಿಗೆ

ಬೆಳ್ತಂಗಡಿಯ ಆ ಸಣ್ಣ ಟ್ರಸ್ಟಿನ ಆಫೀಸಿನಲ್ಲಿ ಲೆಕ್ಕ ನೋಡುವವಳು ಸ್ವರ್ಣಲತಾ. ಹಾಸಿಗೆ ಹಿಡಿದವರ ಮನೆಗೆ ನರ್ಸನ್ನೂ ಆಕ್ಸಿಜನ್ನನ್ನೂ ಕೊಂಡುಹೋಗುವ ಒಂದು ವ್ಯಾನು ಅವರದ್ದು. ಡೀಸೆಲ್ಲಿಗೆ ಚೆಕ್, ಉಳಿದ ಸಣ್ಣಪುಟ್ಟ ಖರ್ಚಿಗೆ ಪೆಟ್ಟಿ ಕ್ಯಾಶಿನ ತಗಡಿನ ಪೆಟ್ಟಿಗೆ. ಅದರ ಮಿತಿ ಮೂರು ಸಾವಿರ. ಒಂದು ಖರ್ಚು ಐನೂರು ದಾಟುವ ಹಾಗಿಲ್ಲ. ಪ್ರತಿಯೊಂದಕ್ಕೂ ಬಿಲ್ಲು ಅಂಟಿಸಿದ ವೋಚರು, ಹಣ ಪಡೆದವರ ರುಜು. ಯಾವಾಗ ಮುಚ್ಚಳ ತೆಗೆದರೂ ನೋಟು, ವೋಚರು ಕೂಡಿ ಮೂರು ಸಾವಿರವೇ ಬರಬೇಕು. ಒಂದನೇ ತಾರೀಕಿಗೆ ಅಧ್ಯಕ್ಷ ಸುಬ್ಬಯ್ಯನವರು ವೋಚರು ನೋಡಿ, ಖರ್ಚಾದಷ್ಟೇ ಹಣ ತುಂಬಿಸುವುದು.

ಆ ಮಿತಿ ಲೆಕ್ಕ ಹಾಕಿ ಕೊಟ್ಟವಳು ಅವಳೇ, ಹಳೆಯ ವೋಚರುಗಳನ್ನು ಕೂಡಿಸಿ. ಆಗ ವ್ಯಾನು ಓಡಿಸುತ್ತಿದ್ದದ್ದು ಧರ್ಣಪ್ಪ. ಪಂಕ್ಚರಿನವನ ಹತ್ತಿರ ಚೀಟಿ ಕೇಳಲು ನಾಚಿ, ಅರ್ಧಕ್ಕರ್ಧ ಸ್ವಂತ ಕಿಸೆಯಿಂದಲೇ ಕೊಡುತ್ತಿದ್ದ ಮನುಷ್ಯ. ಅದು ಗೊತ್ತಾದದ್ದು ಅವನು ಬಿಟ್ಟುಹೋದ ಮೇಲೆ, ಹೊಸ ಡ್ರೈವರ್ ಇರ್ಷಾದ್ ಎಲ್ಲದಕ್ಕೂ ಬಿಲ್ಲು ತರತೊಡಗಿದಾಗ. ತಿಂಗಳು ಮುಗಿಯುವ ಎಷ್ಟೋ ಮೊದಲೇ ಪೆಟ್ಟಿಗೆಯಲ್ಲಿ ಬರೀ ಕಾಗದ.

“ಧರ್ಣಪ್ಪ ಕೈಯಿಂದ ಹಾಕಿದ್ದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ ಸರ್. ಮಿತಿ ಐದು ಸಾವಿರ ಮಾಡುವ. ಕಾಲು ಭಾಗಕ್ಕೆ ಇಳಿದಾಗಲೇ ತುಂಬಿಸುವ,” ಎಂದಳು.

“ವೋಚರ್ ಇಲ್ಲದ್ದು ಖರ್ಚೇ ಅಲ್ಲ ಮಾರಾಯ್ತಿ,” ಎಂದರು ಸುಬ್ಬಯ್ಯ. “ಹಣ ಸಾಲದೆ ಯಾವ ಕೆಲಸ ನಿಂತಿತು, ಬಜೆಟ್ ಮೀಟಿಂಗಿನಲ್ಲಿ ತೋರಿಸು. ಆಮೇಲೆ ನೋಡುವ.”

ಸರಿ, ಈ ಸಲ ನಿಲ್ಲಲಿ ಎಂದು ಅವಳು ಮನಸ್ಸು ಗಟ್ಟಿ ಮಾಡಿದಳು.

ಮರುವಾರ ಇರ್ಷಾದ್ ಬಾಗಿಲಲ್ಲಿ ನಿಂತ. ಅಳದಂಗಡಿಯ ಕಾವೇರಮ್ಮನ ಸಿಲಿಂಡರಿನಲ್ಲಿ ಆಕ್ಸಿಜನ್ ತಳ ಕಂಡಿತ್ತು.

“ಲತಕ್ಕ, ಪೆಟ್ಟಿಗೆಯಲ್ಲಿ ಎಷ್ಟುಂಟು?”

“ಮೂರು ಸಾವಿರ. ಎಲ್ಲ ವೋಚರು.”

“ಅದನ್ನೇ ಸಿಲಿಂಡರಿಗೆ ತುಂಬಿಸ್ಲಿಕ್ಕೆ ಆಗ್ತದಾ?”

“ತಮಾಷೆ ಬೇಡ. ಒಂದನೇ ತಾರೀಕು ಬರಲಿ.”

“ಆಯ್ತು. ಅಲ್ಲಿವರೆಗೆ ಉಸಿರು ಸ್ವಲ್ಪ ಕಡಿಮೆ ತೆಗೀರಿ ಅಂತ ಆ ಅಮ್ಮನಿಗೆ ಹೇಳ್ತೇನೆ.”

ಅವನು ಮೆಟ್ಟಿಲು ಇಳಿಯುವಷ್ಟರಲ್ಲಿ ಅವಳು ತನ್ನ ಬ್ಯಾಗಿನಿಂದ ಐನೂರರ ನೋಟು ತೆಗೆದಿದ್ದಳು.

“ಬಿಲ್ಲು ತರ್ತೇನೆ ಅಕ್ಕ.”

“ಬೇಡ.” ತಂದರೆ ಬರುವ ತಿಂಗಳ ಹಣ ಮೊದಲ ದಿನವೇ ಅಷ್ಟು ಕರಗುತ್ತದೆ, ಆಗ ಇನ್ಯಾರದೋ ಸಿಲಿಂಡರು ಖಾಲಿ.

ಒಮ್ಮೆ ಬಿಚ್ಚಿದ ಬ್ಯಾಗು ಆ ತಿಂಗಳು ಮುಚ್ಚಲೇ ಇಲ್ಲ. ಮೈಮೂನಮ್ಮನ ಮನೆಗೆ ಡ್ರೆಸ್ಸಿಂಗಿನ ಬಟ್ಟೆ, ವ್ಯಾನಿಗೆ ಪಂಕ್ಚರು.

ಮೀಟಿಂಗಿನಲ್ಲಿ ಸುಬ್ಬಯ್ಯನವರು ಕನ್ನಡಕ ಏರಿಸಿದರು. “ಮೂರು ಸಾವಿರ ಕೊಟ್ಟದ್ದು, ಮೂರು ಸಾವಿರಕ್ಕೆ ವೋಚರು. ಮಿತಿ ದಾಟಿಲ್ಲ. ಯಾವುದಾದರೂ ಮನೆಗೆ ವ್ಯಾನು ಹೋಗದೆ ಇದ್ದದ್ದು ಉಂಟಾ?”

ಪೆಟ್ಟಿಗೆಯಲ್ಲಿ ಇದ್ದದ್ದೇ ಅಷ್ಟು, ದಾಟುವುದು ಹೇಗೆ? ಎಂದು ಕೇಳಬಹುದಿತ್ತು. ಆದರೆ ತೋರಿಸಲು ಅವಳ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಧರ್ಣಪ್ಪನ ಹತ್ತಿರವೂ ಇರಲಿಲ್ಲ.

“ಇಲ್ಲ ಸರ್.”

“ಹಾಗಾದರೆ ಇದೇ ಇರಲಿ. ಚೆನ್ನಾಗಿ ನಡೆಸಿದ್ದೀ.”

ಹೊರಗೆ ಇರ್ಷಾದ್ ವ್ಯಾನಿಗೆ ಒರಗಿ ಕಾಯುತ್ತಿದ್ದ. “ಹೆಚ್ಚು ಮಾಡಿದ್ರಾ ಅಕ್ಕ?”

ಅವಳು ಅವನ ಮುಖ ನೋಡಲಿಲ್ಲ. “ಇವತ್ತು ಯಾರ ಮನೆಗೆ?” ಎಂದು ಕೇಳುತ್ತಾ ಬ್ಯಾಗಿನ ಜಿಪ್ಪು ಎಳೆದಳು.