ಆರು ತಿಂಗಳು ತುಂಬಿದ ಮೇಲೆ

ಊರಿನವರ ಬಟ್ಟೆಯ ಕಲೆ ತೆಗೆದು ಹೊಟ್ಟೆ ಹೊರೆಯುವ ಮನುಷ್ಯನನ್ನು ಸ್ವಂತ ಮಗಳ ಸ್ಟ್ರಾಲರ್ ಮೇಲಿದ್ದ ಒಂದು ಬಾಳೆಹಣ್ಣಿನ ಕಲೆ ಸೋಲಿಸಿಬಿಟ್ಟಿತು. ಮಗಳು ಪುಟ್ಟಿಗೆ ಈಗ ಮೂರೂವರೆ. ಕೂರಿಸಿದರೆ ಮಂಡಿ ಗದ್ದಕ್ಕೆ ತಾಗುತ್ತಿತ್ತು. ಗಾಡಿ ಮಾತ್ರ ಮೂರನೇ ಮಹಡಿಯ ಆ ಪುಟ್ಟ ಮನೆಯ ಬಾಗಿಲ ಹಿಂದೆ ಬೀಡುಬಿಟ್ಟು, ಬಂದವರ ಕಾಲಿಗೆಲ್ಲ ತೊಡರುತ್ತಿತ್ತು.

"ಒಂದೋ ಅದು ಮನೇಲಿರಬೇಕು, ಇಲ್ಲ ನಾನಿರಬೇಕು" ಅಂತ ಅವನ ಅಮ್ಮ ಒಂದು ದಿನ ಕಡ್ಡಿ ಮುರಿದ ಹಾಗೆ ಹೇಳಿದರು. ಸರಿ, ಮಾರಿಬಿಡೋಣ ಅಂತಾಯಿತು.

ಅವನು ಭಾನುವಾರ ಕೂತು ಫೋನಿನಲ್ಲಿ ಜಾಹೀರಾತು ಬರೆದ: 'ಮಗುವಿನ ತಳ್ಳುಗಾಡಿ ಮಾರಾಟಕ್ಕಿದೆ. ಹೊಸದರ ಹಾಗೇ ಇದೆ. ನೋಡಿದರೆ ಬಿಡಲ್ಲ.' ಹತ್ತು ನಿಮಿಷಕ್ಕೆ ಮೊದಲ ಕರೆ ಬಂತು. "ಅಣ್ಣಾ, ಅದರ ಮೇಲೆ ಎಷ್ಟು ಟೊಮೆಟೊ ಹಿಡಿಯುತ್ತೆ?" ಅಂದ ಆ ಕಡೆಯವನು.

ಅವನ ಹೆಂಡತಿ ನಕ್ಕು ನಕ್ಕು ಗೋಡೆಗೆ ಒರಗಿದಳು. ಔಷಧಿ ಅಂಗಡಿಯಲ್ಲಿ ಕೆಲಸ ಅವಳಿಗೆ. ಸಾಸಿವೆ ಗಾತ್ರದ ಅಕ್ಷರವನ್ನೂ ಓದದೆ ಬಿಡುವವಳಲ್ಲ. "ಮೊದಲು ಸ್ಟ್ರಾಲರ್ ಅಂತ ಬರೀರಿ. ಆಮೇಲೆ, ಹೊಸದರ ಹಾಗೆ ಅಂದ್ರೆ ಏನು? ಯಾವ ವಯಸ್ಸಿನ ಮಗುವಿಗೆ, ಬೆಲ್ಟ್ ಹೇಗಿದೆ, ಬ್ರೇಕ್ ನಿಲ್ಲುತ್ತಾ, ಏನೂ ಹೇಳಿಲ್ವಲ್ಲ!"

ಗಾಡಿಯನ್ನು ಮಗುಚಿ ಹಾಕಿ, ಕಂಬಿಗೆ ಅಂಟಿಸಿದ್ದ ಚೀಟಿಯನ್ನು ಅವಳು ಗಟ್ಟಿಯಾಗಿ ಓದಿದಳು. ಆರು ತಿಂಗಳು ತುಂಬಿದ ಮೇಲೆ, ಹದಿನೈದು ಕಿಲೋ ಆಗುವವರೆಗೆ. ಇಬ್ಬರೂ ಸೇರಿ ಒಂದೊಂದನ್ನೇ ನೋಡಿದರು. ಭುಜ, ಸೊಂಟ, ತೊಡೆ ಸಂದಿಯ ಐದೂ ಪಟ್ಟಿಗಳು ಗಟ್ಟಿಯಾಗಿದ್ದವು, ಎಲ್ಲೂ ಎಳೆ ಬಿಟ್ಟಿರಲಿಲ್ಲ. ಬಿಡಿಸಿದಾಗ ಮಡಿಕೆಯ ಚಿಲಕ 'ಟಕ್' ಅಂತ ಕೂರುತ್ತಿತ್ತು. ಕೆಳಗೆ ಗೇಟಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿ ನಿಲ್ಲಿಸಿದರೂ ಜಗ್ಗಲಿಲ್ಲ.

ಇನ್ನು ಉಳಿದದ್ದು ಕೊಳೆ. ಅದು ಅವನ ರಾಜ್ಯ. ಸೀಟಿನ ಬಟ್ಟೆ ಕಳಚಿ ಒಗೆದ. ಪಟ್ಟಿಗಳನ್ನೂ ಬ್ಲೀಚಿನಲ್ಲಿ ನೆನೆಸಲು ಹೊರಟಾಗ ಹೆಂಡತಿ ಬಕೆಟ್ಟನ್ನೇ ಕಿತ್ತುಕೊಂಡಳು. "ಬೆಳ್ಳಗಾಗುತ್ತೆ, ಆದ್ರೆ ನೂಲು ಸೋಲುತ್ತೆ. ಮಗು ಮುಂದಕ್ಕೆ ಜಿಗಿದಾಗ ಹಿಡಿಯೋದು ಬಿಳುಪಲ್ಲ, ನೂಲು." ಆಗ ಅವನು ತೆಳು ಸಾಬೂನು ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ನೆರಳಲ್ಲಿ ಒಣಗಿಸಿದ. ಎಲ್ಲ ಹೋಯಿತು, ಸೀಟಿನ ಎಡಬದಿಯ ಆ ಕಂದು ಕಲೆಯೊಂದು ಬಿಟ್ಟು. ಅವನಿಗೆ ತಿಳಿದ ವಿದ್ಯೆಯೆಲ್ಲ ಮುಗಿದರೂ ಅದು ಜಪ್ಪಯ್ಯ ಅನ್ನಲಿಲ್ಲ.

"ಫೋಟೋ ಆ ಕಡೆಯಿಂದ ತೆಗಿ, ಕಾಣಲ್ಲ" ಅಂದರು ಅಮ್ಮ.

ಅವನೂ ಹಾಗೇ ಅಂದುಕೊಂಡಿದ್ದ. ಆದರೆ ಅಂಗಡಿಯಲ್ಲಿ ಗಿರಾಕಿ ಕಲೆ ಮುಚ್ಚಿ ಬಟ್ಟೆ ಕೊಟ್ಟರೆ ತನಗೆ ಎಷ್ಟು ಸಿಟ್ಟು ಬರುತ್ತದೆ ಅನ್ನುವುದು ನೆನಪಾಯಿತು. ಜಾಹೀರಾತಿನಲ್ಲಿ ವಯಸ್ಸು, ಬೆಲ್ಟ್, ಬ್ರೇಕ್ ಎಲ್ಲ ಸೇರಿಸಿ, ಕಲೆಯ ಹತ್ತಿರಕ್ಕೇ ಫೋನ್ ಹಿಡಿದು ಫೋಟೋ ತೆಗೆದು, ಕೆಳಗೆ ಬರೆದ: 'ಇದು ಬಾಳೆಹಣ್ಣು. ತೊಳೆದಿದ್ದೇನೆ, ಆದರೆ ಹೋಗಿಲ್ಲ. ನಾನು ಲಾಂಡ್ರಿಯವನು, ನನ್ನಿಂದಲೇ ಆಗಲಿಲ್ಲ.'

ಸಂಜೆಗೆ ಒಬ್ಬ ಹೆಂಗಸಿನ ಕರೆ ಬಂತು, ಎಲ್ಲರಿಗೂ ಕೇಳಲಿ ಅಂತ ಅವನು ಸ್ಪೀಕರಿಗೆ ಹಾಕಿದ. ಬೇಕರಿಯೊಂದರಲ್ಲಿ ಕೇಕ್ ಮಾಡುವವಳಂತೆ. ಎಂಟು ತಿಂಗಳ ಬಸುರಿ. "ಎಲ್ಲರೂ ಹೊಸದರ ಹಾಗಿದೆ ಅಂತಾರಣ್ಣ. ಕಲೆ ತೋರಿಸಿದವರು ನೀವೊಬ್ರೇ. ಕಲೆ ತೋರಿಸಿದವರು ಬ್ರೇಕ್ ಮುಚ್ಚಿಡಲ್ಲ ಅನ್ನಿಸ್ತು. ನಾಳೆನೇ ತಗೊಂಡು ಹೋಗ್ತೀನಿ. ಮಗು ಹುಟ್ಟಿದ ವಾರಕ್ಕೇ ಪಾರ್ಕಿಗೆ ಕರ್ಕೊಂಡು ಹೋಗಬೇಕು ಅಂತ ಆಸೆ."

ಅವನು ಬಾಗಿಲ ಹಿಂದಿನ ಗಾಡಿಯತ್ತ ನೋಡಿದ. ಹೂಂ ಅಂದರೆ ಬಾಗಿಲು ಖಾಲಿ, ಅಮ್ಮ ಖುಷಿ. "ಅದು... ಆರು ತಿಂಗಳು ತುಂಬಿದ ಮೇಲೆ ಅಂತ ಬರೆದಿದೀನಲ್ಲಮ್ಮ" ಅಂದ ಮೆಲ್ಲಗೆ.

"ಒಂದು ದಿಂಬು ಇಟ್ರೆ?"

"ಇಟ್ರಾಯ್ತಪ್ಪ" ಅಂದರು ಅಮ್ಮ ಪಕ್ಕದಿಂದ.

ಹೆಂಡತಿ ಫೋನ್ ಇಸಿದುಕೊಂಡಳು. "ದಿಂಬು ಬೇಡವೇ ಬೇಡಮ್ಮ. ಇದರ ಬೆನ್ನು ಪೂರ್ತಿ ಮಲಗಲ್ಲ. ಎಳೆ ಮಗುವಿಗೆ ಕತ್ತು ನಿಂತಿರಲ್ಲ, ಗದ್ದ ಎದೆಗೆ ಬಿದ್ರೆ ಉಸಿರು ಕಟ್ಟುತ್ತೆ. ಚಪ್ಪಟೆಯಾಗಿ ಮಲಗಿಸೋ ಅಂಥದ್ದು ನೋಡಿ. ಇದು ಮಗು ತಾನಾಗಿ ಕೂರೋಕೆ ಶುರುಮಾಡಿದ ಮೇಲೆ."

ಆ ಕಡೆಯಿಂದ ಸಣ್ಣ ದನಿ: "ನನಗೆ ಇದನ್ನೆಲ್ಲ ಹೇಳೋರು ಯಾರೂ ಇಲ್ಲ ಅಕ್ಕ. ಅಲ್ಲೀವರೆಗೆ ನೀವೇ ಇಟ್ಕೋತೀರಾ?"

ಹೆಂಡತಿ ಗಂಡನ ಮುಖ ನೋಡಿದಳು, ಗಂಡ ಅಮ್ಮನ ಮುಖ ನೋಡಿದ. ಅಮ್ಮ ಸೂರು ನೋಡಿದರು. "ಇಟ್ಕೊಳ್ಳಿ ಇಟ್ಕೊಳ್ಳಿ, ನನ್ನನ್ನೇ ಮಡಿಚಿ ಮೂಲೇಲಿ ಇಡಿ" ಅಂದರಾದರೂ ಆ 'ಯಾರೂ ಇಲ್ಲ' ಅನ್ನೋ ಮಾತು ಅವರ ಕಿವಿಗೂ ಬಿದ್ದಿತ್ತು.

ಹೀಗೆ ಮಾರಾಟವಾದ ಗಾಡಿ ಮಾರಿದವರ ಮನೆಯಲ್ಲೇ ಉಳಿಯಿತು. ಗಂಡುಮಗು ಹುಟ್ಟಿತು, ಫೋಟೋ ಬಂತು. ಮಗು ಅತ್ತರೆ ಫೋನು, ಸೀನಿದರೆ ಫೋನು. ಮೊದಮೊದಲು ಹೆಂಡತಿ ಉತ್ತರ ಹೇಳುತ್ತಿದ್ದಳು. ಬರಬರುತ್ತಾ ಅಮ್ಮನೇ ಫೋನ್ ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದರು.

ಒಂದು ಬೆಳಗ್ಗೆ ಸುದ್ದಿ ಬಂತು: ಬೇಕರಿಯವಳ ಮಗನಿಗೆ ಆರು ತಿಂಗಳು ತುಂಬಿದೆ, ಆಸರೆ ಇಲ್ಲದೆ ಕೂರುತ್ತಾನೆ, ಸಂಜೆ ಬರುತ್ತಾರೆ. ಅವನು ಗಾಡಿ ಬಿಡಿಸಿ ಬ್ರೇಕ್ ಒತ್ತಿ ತಳ್ಳಿದ. ಎಡಚಕ್ರ ನಿಲ್ಲದೆ ಉರುಳುತ್ತಲೇ ಹೋಯಿತು. ಕೆಳಗಿನ ಬುಟ್ಟಿ ಒಂದು ಕಡೆ ಹರಿದಿತ್ತು. ಬೆಲ್ಟಿನ ಕೊಂಡಿಯೊಳಗೆ ಈರುಳ್ಳಿ ಸಿಪ್ಪೆ.

"ಅಮ್ಮಾ!"

ಅಮ್ಮ ಅಡುಗೆಮನೆಯಿಂದ ಬರಲಿಲ್ಲ, ದನಿ ಮಾತ್ರ ಬಂತು. "ಸುಮ್ನೆ ನಿಂತಿತ್ತಲ್ಲ ಅಂತ... ನಾಲ್ಕು ಸಲ ಮಾರ್ಕೆಟ್ಟಿಗೆ ಹೋಗಿದ್ದೆ. ನನ್ನ ಮಂಡಿ ನಿನಗೆ ಗೊತ್ತಲ್ಲ." ಆಮೇಲೆ ಇನ್ನೂ ಸಣ್ಣದಾಗಿ, "ಆರು ಸಲ."

ಬಯ್ಯಬೇಕೆಂದು ಬಾಯಿ ತೆರೆದವನಿಗೆ ನಗು ಬಂತು. ಚಕ್ರ ಕಳಚಿದ. ಬ್ರೇಕಿನ ಕಡ್ಡಿ ಕೂರುವ ಹಲ್ಲುಗಳ ನಡುವೆ ಕೆಸರು, ಕೂದಲು, ಸೆಣಬಿನ ಎಳೆ ಮೆತ್ತಿಕೊಂಡಿದ್ದವು. ಸೂಜಿಯಿಂದ ಕಿತ್ತು, ತೊಳೆದು ಒಣಗಿಸಿ ಮತ್ತೆ ಹಾಕಿ ಒತ್ತಿದ. ಟಕ್. ಇಳಿಜಾರಿನಲ್ಲಿ ಅಕ್ಕಿ ಚೀಲ ಇಟ್ಟು ನಿಲ್ಲಿಸಿದ; ನಿಂತಿತು. ಕಂಬಿ, ಕೀಲು ಎಲ್ಲ ಬೆರಳಾಡಿಸಿ ನೋಡಿದ; ಬಿರುಕಿರಲಿಲ್ಲ. ಅಮ್ಮ ತಾವಾಗಿಯೇ ಬಂದು ಬುಟ್ಟಿ ಹೊಲಿದರು.

ಆದರೂ ಅವನ ಮನಸ್ಸು ತಡೆಯಲಿಲ್ಲ. ಆ ಒಬ್ಬಳಿಗಾಗಿ ಜಾಹೀರಾತನ್ನು ಹೊಸದಾಗಿ ಬರೆದು ಕಳಿಸಿದ: 'ನಮ್ಮಮ್ಮ ಇದರಲ್ಲಿ ತರಕಾರಿ ಸಾಗಿಸಿದ್ದಾರೆ. ಎಡ ಬ್ರೇಕ್ ಕೆಸರು ಕಟ್ಟಿ ಹಿಡಿಯುತ್ತಿರಲಿಲ್ಲ, ಬಿಡಿಸಿದ್ದೇನೆ, ತೂಕ ಇಟ್ಟು ನೋಡಿದ್ದೇನೆ. ಬುಟ್ಟಿ ಹೊಲಿದದ್ದು. ಬಟ್ಟೆ ಮತ್ತೆ ಒಗೆದದ್ದು. ಬಾಳೆಹಣ್ಣು ಅಲ್ಲೇ ಇದೆ. ಬೇಡ ಅಂದರೆ ಬೇಜಾರಿಲ್ಲ.'

ಉತ್ತರವಾಗಿ ಬಂದದ್ದು ನಗುವ ಮುಖಗಳ ಒಂದು ಸಾಲು.

ಸಂಜೆ ಅವಳು ಬಂದಳು, ಮೈಯೆಲ್ಲ ವೆನಿಲಾ ವಾಸನೆ, ಕಂಕುಳಲ್ಲಿ ಗುಂಡುಗುಂಡಾದ ಮಗ. ಹೆಂಡತಿ ಭುಜದ ಪಟ್ಟಿಗಳನ್ನು ಮಗುವಿನ ಅಳತೆಗೆ ಕೆಳಗಿಳಿಸಿ, ಕೊಂಡಿ ಹಾಕಿ, ಪಟ್ಟಿಯಡಿ ಎರಡು ಬೆರಳು ತೂರಿಸಿ ತೋರಿಸಿದಳು. "ಇಷ್ಟೇ ಸಡಿಲ. ಹಿಡಿಕೆಗೆ ಚೀಲ ನೇತುಹಾಕಬೇಡಿ, ಹಿಂದಕ್ಕೆ ಮಗುಚುತ್ತೆ."

"ತರಕಾರಿ ಚೀಲ ಅಂತೂ ಬೇಡವೇ ಬೇಡ" ಅಂದರು ಅಮ್ಮ ಗಂಭೀರವಾಗಿ.

ಪುಟ್ಟಿ ಮುಂದೆ ಬಂದು ಹಕ್ಕಿನಿಂದ ಕಲೆ ತೋರಿಸಿದಳು. "ಇದು ನಂದು." ಮಗು ಆ ಕಲೆಯ ಮೇಲೆ ಕೈ ಬಡಿದು ಕೇಕೆ ಹಾಕಿತು.

ಗಾಡಿಯನ್ನು ಕೆಳಗಿಳಿಸಿ ಮಗುವನ್ನು ಕೂರಿಸಿ ಹೊರಡುವಾಗ ಅಮ್ಮ ಚಪ್ಪಲಿ ಮೆಟ್ಟಿದರು. "ತಿರುವಿನವರೆಗೆ ಹೋಗಿ ಬರ್ತೀನಿ, ಸರಿಯಾಗಿ ಉರುಳುತ್ತಾ ನೋಡಬೇಕಲ್ಲ."

ಗಾಡಿ ತಿರುವು ದಾಟಿತು. ಕತ್ತಲಾಯಿತು. ಅವನು ಫೋನ್ ಮಾಡಿದರೆ ಅತ್ತ ಪಾರ್ಕಿನ ಮಕ್ಕಳ ಗದ್ದಲ, ನಡುವೆ ಅಮ್ಮನ ದನಿ: "ಏನಪ್ಪ ನಿನ್ನ ಅವಸರ! ಈಗ ತಾನೆ ನಿದ್ದೆಗೆ ಜಾರ್ತಾ ಇದಾನೆ. ಸಣ್ಣಗೆ ಮಾತಾಡು."