ಎಂಟರ ಎಡಗಡೆ

ನಮ್ಮ ಮೇವಿನ ಕೋಣೆಯಲ್ಲಿ ಮೇವಿಗೆ ಜಾಗವಿಲ್ಲ. ನನ್ನ ಗಂಡ ಗಿರಿ ಅಲ್ಲಿ ಹಳೇ ಟೈಪ್‌ರೈಟರುಗಳನ್ನೂ ಹೊಲಿಗೆ ಮಿಷಿನ್ನುಗಳನ್ನೂ ಪೇರಿಸಿಟ್ಟಿದ್ದಾರೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿದ ಮನುಷ್ಯ ಸೀದಾ ಮನೆಗೆ ಬರಬೇಕೋ ಬೇಡವೋ? ಇವರ ಬೈಕು ಆಂಡರ್ಸನ್‌ಪೇಟೆಯ ಗುಜರಿ ಅಂಗಡಿಗಳ ಕಡೆಗೇ ತಿರುಗುತ್ತದೆ. ಮುಚ್ಚಿಹೋದ ಟೈಪಿಂಗ್ ಶಾಲೆಯ ಮಿಷಿನ್ನುಗಳು ಅಲ್ಲಿ ತೂಕಕ್ಕೆ ಬಿದ್ದಿರುತ್ತವೆ. ಇವರು ಅಂಥದ್ದೊಂದನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದು, ಮೇಲಿನ ಉರುಳೆಯನ್ನು ಒಂದು ಪಕ್ಕಕ್ಕೆ ಸರಿಸಿ, ಅದರ ಅಡಿಯಲ್ಲಿ ಕೊರೆದ ಸಂಖ್ಯೆಯನ್ನು ಟಾರ್ಚು ಬಿಟ್ಟು ಹುಡುಕುತ್ತಾರೆ. ಸಂಖ್ಯೆ ಸಿಕ್ಕರೆ ಅವತ್ತು ಊಟವೂ ಬೇಡ.

ನನಗೆ ಇದರಿಂದ ತಲೆನೋವೇನೂ ಇರಲಿಲ್ಲ, ಇವರ ಕಣ್ಣು ನಡುಮನೆಯ ಹೊಲಿಗೆ ಮಿಷಿನ್ನಿನ ಮೇಲೆ ಬೀಳುವ ತನಕ.

ಅದು ನನ್ನ ಅತ್ತೆ ವೆಂಕಟರತ್ನಮ್ಮನವರ ತಾಯಿಯದು. ಆ ತಾಯಿಯ ಹೆಸರು ಅಮ್ಮಾಜಮ್ಮ. ಕೋರಮಂಡಲ್‌ನಲ್ಲಿ ಚಿನ್ನದ ಗಣಿ ಕೆಲಸದವನ ಹೆಂಡತಿ, ಗಣಿಯವರು ಸಾಲಾಗಿ ಕಟ್ಟಿದ ಲೈನುಮನೆಯ ಬಾಗಿಲಲ್ಲಿ ಕೂತು ಅಂಗಿ ಚಡ್ಡಿ ಹೊಲಿದು, ದುಡಿದ ಕಾಸು ಕೂಡಿಟ್ಟು, ತನ್ನ ಮೊದಲ ಮಗ ಕಂಕುಳಲ್ಲಿದ್ದಾಗ ಬೆಂಗಳೂರು ದಂಡಿನ ಅಂಗಡಿಯಿಂದ ಹೊಚ್ಚ ಹೊಸ ಸಿಂಗರ್ ತಂದಳಂತೆ. ರೈಲಿನಲ್ಲಿ ಕೂಸನ್ನು ಪಕ್ಕದವಳ ತೊಡೆಗೆ ಹಾಕಿ, ಮಿಷಿನ್ನನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬಂದಳಂತೆ. ಈ ಕಥೆಯನ್ನು ನಾನು ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ನನಗೆ ಹೇಳಿದ್ದರು. ಬೇಸರವಾದಾಗ ಹೇಳುತ್ತಿದ್ದರು, ಖುಷಿಯಾದಾಗಲೂ ಹೇಳುತ್ತಿದ್ದರು. ಅಮ್ಮಾಜಮ್ಮನದು ಒಂದು ಫೋಟೋ ಕೂಡ ಇಲ್ಲ. ಅತ್ತೆಯ ಪಾಲಿಗೆ ತಾಯಿ ಅಂದರೆ ಆ ಮಿಷಿನ್ನು ಮತ್ತು ಆ ಕಥೆ, ಅಷ್ಟೇ. ಈಗ ಅದರಲ್ಲಿ ನಾನು ಊರಿನವರ ರವಿಕೆ ಹೊಲಿಯುತ್ತೇನೆ.

ಯುಗಾದಿ ಕಳೆದ ಮೇಲೆ ಒಂದು ದಿನ ಗಿರಿ ಬಟ್ಟೆ ಹಿಡಿದು ಮಿಷಿನ್ನಿನ ಬಲಗಡೆ, ಚಕ್ರದ ಕಂಬದ ಬುಡದಲ್ಲಿರುವ ಉಬ್ಬು ಪಟ್ಟಿಯನ್ನು ಒರೆಸಿದರು. ಎಂಟರಿಂದ ಶುರುವಾಗುವ ಏಳು ಅಂಕಿ ಕಂಡವು. ಫೋನಿನಲ್ಲಿ ಯಾವ ಸಂಖ್ಯೆ ಯಾವ ಇಸವಿಯದು ಎನ್ನುವ ಪಟ್ಟಿ ತೆಗೆದು ನೋಡಿ ಕುಣಿದೇಬಿಟ್ಟರು.

"ಅಂಬಿಕಾ, ಇಲ್ಲಿ ನೋಡೇ! ಅಕ್ಷರ ಇಲ್ಲ, ಬರೀ ಅಂಕಿ. ಸಿಂಗರ್‌ನೋರು ನಂಬರ್ ಮುಂದೆ ಅಕ್ಷರ ಆಕೋಕೆ ಶುರು ಮಾಡಿದ್ದು ಸಾವಿರದ ಒಂಬೈನೂರರಿಂದ. ಅದಕ್ಕೂ ಮುಂಚಿಂದು ಇದು. ಸಾವಿರದ ಎಂಟ್ನೂರ ಎಂಬತ್ತೆಂಟರ ಆಸುಪಾಸು!"

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಅತ್ತೆ ಹುರುಳಿ ಆರಿಸುವ ಮೊರವನ್ನು ಕೆಳಗಿಟ್ಟರು.

"ನಮ್ಮವ್ವ ಉಟ್ಟೇ ಇರ್ಲಿಲ್ಲ ಕಣ್ಲಾ ಆವಾಗ."

"ಅದೇ ಅಮ್ಮ ನಾನೇಳ್ತಿರೋದು. ಅಜ್ಜಿ ತಂದಾಗ್ಲೇ ಇದಕ್ಕೆ ನಲವತ್ತೈದು ವರ್ಷ ಆಗಿತ್ತು. ಗಣಿಯ ಯಾರೋ ಬಿಳಿ ದೊರೆ ಎಂಡ್ತಿ ಬಳಸಿ ಬಿಟ್ಟಿದ್ದು ಕೊಟ್ಟಿರ್ಬೇಕು. ಒಸದು ಅಂತ ಸುಮ್ನೆ ಏಳ್ಕೊಂಡಿದ್ದಾಳೆ ಅಜ್ಜಿ."

ಎಷ್ಟು ಸಲೀಸಾಗಿ ಹೇಳಿಬಿಟ್ಟರು! ಇವರ ಬಾಯಿಗೆ ಹೊಲಿಗೆ ಹಾಕಬೇಕು ಅನ್ನಿಸಿತು ನನಗೆ. ಇವರಿಗೆ ಸಂಖ್ಯೆ ಸಿಕ್ಕ ಖುಷಿಯಲ್ಲಿ ತಾಯಿಯ ಮುಖವೇ ಕಾಣಲಿಲ್ಲ. ಅತ್ತೆ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದರು. ಅವತ್ತಿನಿಂದ ರೈಲಿನ ಕಥೆ ನಿಂತೇಹೋಯಿತು. ಒಮ್ಮೆ ನಾನೇ ಬೇಕೆಂತಲೇ ಎತ್ತಿದೆ. "ಬುಡು, ಅದೆಲ್ಲಾ ಯಾಕೀಗ. ಬಿಟ್ಟಿ ಬಂದಿದ್ನ ದುಡಿದು ತಂದೆ ಅಂದವ್ಳೆ" ಎಂದರು. ಎಪ್ಪತ್ತೆಂಟು ವರ್ಷದ ಮುದುಕಿ ಸತ್ತ ತಾಯಿಯ ಮೇಲೆ ಮುನಿಸಿಕೊಂಡು ಕೂತಿದ್ದರು.

ಇಷ್ಟರಲ್ಲಿ ಇವರು ಫೋಟೋ ತೆಗೆದು ಬೆಂಗಳೂರಿನ ಶ್ರೀಧರ್ ಅನ್ನುವವರಿಗೆ ಕಳಿಸಿದ್ದರು. ಅವರು ಇವರಂಥದೇ ಗಿರಾಕಿ, ಆದರೆ ಮೇವಿನ ಕೋಣೆಯ ಬದಲು ಗಾಜಿನ ಬೀರು ಇಟ್ಟುಕೊಂಡವರು. ಅವರ ಹತ್ತಿರ ಕನ್ನಡ ಅಕ್ಷರದ ಕೀಲಿಗಳಿರುವ ಟೈಪ್‌ರೈಟರು ಎರಡಿತ್ತಂತೆ. ಇಂಗ್ಲಿಷಿನವು ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತವೆ, ಕನ್ನಡದ್ದು ಸಿಗುವುದು ಅಪರೂಪ, ಸಂಗ್ರಹ ಮಾಡುವವರು ಅದಕ್ಕೆ ಪ್ರಾಣ ಬಿಡುತ್ತಾರೆ. ಮಿಷಿನ್ನು ನಿಜವಾಗಿ ಅಷ್ಟು ಹಳೆಯದಾದರೆ ಅದಕ್ಕೆ ಬದಲಾಗಿ ಒಂದು ಕನ್ನಡದ ಟೈಪ್‌ರೈಟರು ಕೊಡುವುದು ಎಂದು ಮಾತಾಯಿತು. ಇವರು ತಾಯಿಯನ್ನು ಕೇಳಿದರು. "ತಗೊಂಡೋಗ್ಲಿ. ನಮ್ಮವ್ವ ದುಡಿದು ತಂದಿದ್ದೇನಲ್ಲವಲ್ಲ" ಎಂದುಬಿಟ್ಟರು ಅತ್ತೆ. ಅದರಲ್ಲಿ ನನ್ನ ಕೈ ಎಷ್ಟು ಹದವಾಗಿ ಕೂತಿತ್ತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅತ್ತೆಯ ವಸ್ತು, ಅತ್ತೆಯ ಮಾತು.

ಭಾನುವಾರ ಶ್ರೀಧರ್ ಕಾರಿನಲ್ಲಿ ಬಂದರು. ಐವತ್ತು ದಾಟಿದ, ಮೆತ್ತನೆ ಮಾತಿನ ಮನುಷ್ಯ. ಕಾಫಿ ಕುಡಿಯುವ ಮುಂಚೆ ಕೋಣೆಗೆ ಕರೆದೊಯ್ದು ಇವರು ತಮ್ಮ ಆಸ್ತಿ ತೋರಿಸಿದರು. ಒಂದು ಹೊಲಿಗೆ ಮಿಷಿನ್ನಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದು, ಬಂಗಾರದ ಬಣ್ಣದಲ್ಲಿ ತಾವೇ ಬಳ್ಳಿ ಬರೆದಿದ್ದರು. ಶ್ರೀಧರ್ ಹಲ್ಲುನೋವು ಬಂದವರ ಹಾಗೆ ಮುಖ ಮಾಡಿದರು.

"ಗಿರಿಯವರೇ, ಇನ್ಮೇಲೆ ಬಣ್ಣ ಮಾತ್ರ ಹಚ್ಬೇಡಿ. ಸವೆದಿದ್ರೂ ಕಾರ್ಖಾನೆಯ ಚಿತ್ತಾರವೇ ಬೇಕು ನಮಗೆ. ಮೂಲ ಶಟಲ್ಲು, ಮರದ ಮುಚ್ಚಳ, ಅದರ ಬೀಗದ ಕೈ, ಇವೆಲ್ಲ ಇದ್ರೆ ಬೆಲೆ. ಬರೀ ವಯಸ್ಸಾಯ್ತು ಅಂತ ಯಾರೂ ಕೇಳಲ್ಲ, ಲಕ್ಷಗಟ್ಟಲೆ ಮಾಡಿದ್ದಾರೆ ಇವನ್ನ."

ಇವರ ಮುಖ ಸಣ್ಣದಾಯಿತು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ನಡುಮನೆಯಲ್ಲಿ ಶ್ರೀಧರ್ ಮಿಷಿನ್ನಿನ ಮುಂದೆ ಮಂಡಿಯೂರಿ ಕೂತರು. ಚಕ್ರ ತಿರುಗಿಸಿದರು, ತಟ್ಟೆ ಸರಿಸಿ ಅಡಿದಾರ ಹಿಡಿಯುವ ದೋಣಿಯಂಥ ಶಟಲ್ಲು ನೋಡಿದರು, ಸಂಖ್ಯೆಯ ಮೇಲೆ ಬೆರಳಾಡಿಸಿದರು.

"ಅಂಕಿ ಏನೋ ಸರಿ. ಆದ್ರೆ ಒಟ್ಟು ಮೈಕಟ್ಟು ನೋಡಿದ್ರೆ ಅಷ್ಟು ಹಳೇದು ಅನ್ನಿಸ್ತಿಲ್ಲ ನಂಗೆ."

"ಪಟ್ಟಿ ನೋಡಿ ಸಾರ್, ಪಟ್ಟಿ ಸುಳ್ಳೇಳ್ತದಾ?" ಎಂದರು ಇವರು.

ನಾನು ಕಾಫಿ ಲೋಟ ಹಿಡಿದು ಅವರ ಹಿಂದೆಯೇ ನಿಂತಿದ್ದೆ. ದಿನಾ ಕೂರುತ್ತಿದ್ದ ಮಿಷಿನ್ನು, ಆ ಉಬ್ಬು ಪಟ್ಟಿಯನ್ನು ನಾನು ಎಂದೂ ನೆಟ್ಟು ನೋಡಿರಲಿಲ್ಲ. ಈಗ ನೋಡಿದರೆ ಕಣ್ಣಿಗೆ ಕಿರಿಕಿರಿ. ಗುಂಡಿಪಟ್ಟಿ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಬಂದ ಅಂಗಿಯ ಹಾಗಿತ್ತು.

"ನಂಬರು ನಡೂ ಮಧ್ಯಕ್ಕಿಲ್ಲ ಅಲ್ವಾ ಸಾರ್? ಬಲಗಡೆ ಅಂಚಿಗೆ ಓಗಿ ಕೂತದೆ. ಎಡಗಡೆ ಇಷ್ಟು ಜಾಗ ಯಾಕೆ ಖಾಲಿ ಬಿಟ್ಟವ್ರೆ?" ಎಂದೆ.

ಎಡಗಡೆ ಖಾಲಿ ಇರಲಿಲ್ಲ. ಅಲ್ಲಿ ಹೆಬ್ಬೆರಳಗಲ ಕುಂಕುಮದ ಬೊಟ್ಟಿತ್ತು. ಆಯುಧಪೂಜೆಯಿಂದ ಆಯುಧಪೂಜೆಗೆ, ಒಂದರ ಮೇಲೊಂದು, ಎಣ್ಣೆ ಕುಡಿದು ಅರಗಿನ ಹಾಗೆ ಗಟ್ಟಿಯಾದ ಬೊಟ್ಟು. ಅಮ್ಮಾಜಮ್ಮ ಇಡುತ್ತಿದ್ದ ಜಾಗದಲ್ಲೇ ಅತ್ತೆ ಇಡುತ್ತಿದ್ದರು, ಅತ್ತೆ ಇಡುವ ಜಾಗದಲ್ಲೇ ನಾನೂ ಇಡುತ್ತೇನೆ. ಇವರು ಅವತ್ತು ಒರೆಸುವಾಗಲೂ ಅದನ್ನು ಮುಟ್ಟಿರಲಿಲ್ಲ. ಮಿಷಿನ್ನಿನ ಹಣೆಯ ಕುಂಕುಮ ಯಾರಾದರೂ ಅಳಿಸುತ್ತಾರೆಯೇ?

ಶ್ರೀಧರ್ ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಅಮ್ಮಾ, ಈ ಕುಂಕುಮ ಸ್ವಲ್ಪ ತೆಗೀಬಹುದಾ?"

"ನೀವು ಮುಟ್ಬೇಡಿ" ಎಂದರು ಅತ್ತೆ. ಗೋಡೆ ಹಿಡಿದು ಎದ್ದು ಬಂದರು. ಹತ್ತಿಗೆ ಕೊಬ್ಬರಿ ಎಣ್ಣೆ ಅದ್ದಿ ಬೊಟ್ಟಿನ ಮೇಲೆ ಒತ್ತಿಟ್ಟರು. ಅದು ಬೇಗ ಬಿಡಲಿಲ್ಲ. ಉಜ್ಜಿದರು, ಮತ್ತೆ ಎಣ್ಣೆ ಹಾಕಿದರು, ಮತ್ತೆ ಉಜ್ಜಿದರು. ಹತ್ತಿ ಕೆಂಪಾಯಿತು, ಬೆರಳು ಕೆಂಪಾಯಿತು. ಕೊನೆಗೆ ಅಡಿಯಿಂದ ಎರಡು ಕೊಂಬೆಯ ಮರದಂಥ ಗೆರೆ ಎದ್ದು ಬಂತು.

"ವೈ!" ಎಂದು ಶ್ರೀಧರ್ ನೆಲದ ಮೇಲೆ ಕೂತೇಬಿಟ್ಟರು. "ಇಂಗ್ಲಿಷಿನ ವೈ ಅಕ್ಷರ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಗೆ ಕೊಟ್ಟಿದ್ದ ಅಕ್ಷರ ಇದು. ವೈ ಆದ್ಮೇಲೆ ಎಂಟು ಅಂದ್ರೆ ಸಾವಿರದ ಒಂಬೈನೂರ ಮೂವತ್ತರ ದಶಕದ ಶುರು. ಅದೇ ಅಂಕಿ, ಮುಂದೆ ಅಕ್ಷರ ಇದ್ರೆ ಒಂದು ಕಾಲ, ಇಲ್ದಿದ್ರೆ ಇನ್ನೊಂದು ಕಾಲ."

ಗಿರಿ ಫೋನು ತೆಗೆದು ಬೇರೆ ಪಟ್ಟಿ ಹುಡುಕಿದರು. ಕನ್ನಡದ ಟೈಪ್‌ರೈಟರು ಕಾರಿನ ಹಿಂದಿನ ಸೀಟಿನಲ್ಲಿತ್ತು, ಪಾಪ, ಅದು ಬಂದ ದಾರಿಯಲ್ಲೇ ವಾಪಸು ಹೋಗುವುದು ಅವರಿಗೆ ಗೊತ್ತಾಗಿತ್ತು.

ಅತ್ತೆಗೆ ಟೈಪ್‌ರೈಟರಿನ ಗೊಡವೆ ಇರಲಿಲ್ಲ. "ಮೂವತ್ತರಲ್ಲಿ ಅಂದ್ರೆ ಯಾವಾಗ? ಸರಿಯಾಗೇಳಿ" ಎಂದರು. ದನಿ ಗಟ್ಟಿಯಾಗಿತ್ತು.

"ಮೂವತ್ತೆರಡು, ಮೂವತ್ಮೂರು ಅಂದ್ಕೊಳ್ಳಿ ಅಮ್ಮ. ಇಂಥ ದಿನ ಅಂತ ಹೇಳಕ್ಕಾಗಲ್ಲ. ಒಂದಷ್ಟು ಸಂಖ್ಯೆನ ಮೊದಲೇ ಕಾರ್ಖಾನೆಗೆ ಹಂಚಿಬಿಡ್ತಿದ್ರು, ಪಟ್ಟೀಲಿರೋದು ಆ ಹಂಚಿದ ತಾರೀಖು. ಮಿಷಿನ್ ತಯಾರಾಗಿ, ಹಡಗು ಹತ್ತಿ, ಇಲ್ಲಿ ಅಂಗಡಿಗೆ ಬರೋಕೆ ಇನ್ನೂ ಸ್ವಲ್ಪ ಕಾಲ ಹಿಡಿದಿರತ್ತೆ."

"ನಮ್ಮ ದೊಡ್ಡಣ್ಣ ಉಟ್ಟಿದ್ದು ಮೂವತ್ಮೂರರಲ್ಲಿ. ಅವನು ಕಂಕುಳಲ್ಲಿದ್ದಾಗ ತಂದಿದ್ದು." ಅತ್ತೆ ಶ್ರೀಧರ್ ಕಡೆ ಬಗ್ಗಿದರು. "ಅಂಗಾರೆ ನಮ್ಮವ್ವ ತಂದಾಗ ಇದು ಒಸದಾ?"

"ಹೊಸದೇ ಅಮ್ಮ. ಅವರಿಗಿಂತ ಮುಂಚೆ ಯಾರೂ ಇದರಲ್ಲಿ ಹೊಲಿದಿರೋ ಹಾಗೆ ಕಾಣಲ್ಲ."

ಅತ್ತೆ ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. ಕೆಂಪಾದ ಕೈಯನ್ನು ಮಿಷಿನ್ನಿನ ಮೇಲಿಟ್ಟು ನಕ್ಕರು. ಯುಗಾದಿಯಿಂದ ಈಚೆ ಅವರು ಹೀಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಅತ್ತಿದ್ದು ನಾನು. ಲೋಟದ ಕಾಫಿಯನ್ನೂ ಚೆಲ್ಲಿದೆ.

ಶ್ರೀಧರ್ ದೊಡ್ಡ ಮನುಷ್ಯರು, ಬೇಸರ ತೋರಿಸಲಿಲ್ಲ. "ನಮ್ಮ ಬೀರುಗೆ ಇದು ಬೇಡ, ಇಂಥದು ನನ್ನ ಹತ್ರ ನಾಲ್ಕಿವೆ. ಇಷ್ಟು ಚೆನ್ನಾಗಿ ಓಡೋದು ಒಂದೂ ಇಲ್ಲ" ಎಂದು ನನ್ನ ಕಡೆ ನೋಡಿ ಹೇಳಿದರು. ಗಿರಿಗೆ ಇನ್ನೊಂದು ಕನ್ನಡ ಟೈಪ್‌ರೈಟರು ಎಲ್ಲಾದರೂ ಕಂಡರೆ ಮೊದಲು ತಿಳಿಸುವುದಾಗಿ ಮಾತು ಕೊಟ್ಟರು.

ಇವರು ಫೋನು ಬದಿಗಿಟ್ಟರು. ತಾಯಿಯ ಹತ್ತಿರ ಬಂದು, "ತಪ್ಪಾಯ್ತಮ್ಮ" ಎಂದರು.

"ನಂಗ್ಯಾಕೇಳ್ತೀಯಲಾ? ಸುಳ್ಳಿ ಅನ್ನಿಸ್ಕೊಂಡೋಳು ನಾನಲ್ಲ. ನಿಮ್ಮಜ್ಜಿಗೇಳು."

ಅಜ್ಜಿಗೆ ಎಲ್ಲಿ ಹೇಳುವುದು? ಇವರು ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ಒಂದು ಸುತ್ತು ನೋಡಿದರು, ಅಲ್ಲಿ ಅಮ್ಮಾಜಮ್ಮ ಇಲ್ಲ. ಬೆಂಗಳೂರಿನ ಅತಿಥಿಯ ಎದುರಿಗೇ, ಹಾಲು ಹಾಕಿ ಬಂದ ಅದೇ ಪಂಚೆಯಲ್ಲಿ, ನನ್ನ ಗಂಡ ಮಿಷಿನ್ನಿನ ಮುಂದೆ ಬಗ್ಗಿ ಕೈಮುಗಿದರು.

"ತಪ್ಪಾಯ್ತಜ್ಜಿ. ನೀನು ದುಡಿದೇ ತಂದಿದ್ದೆ."

ಅತ್ತೆ ಸೆರಗಿನಿಂದ ಎಣ್ಣೆ ಒರೆಸಿ, ಸ್ಟೂಲು ಎಳೆದು ನನ್ನ ಕಡೆ ತಳ್ಳಿದರು. "ಕೂತ್ಕೊಳೇ ಅಂಬಿಕಾ. ಮುನಿನಾರಾಯಣಮ್ಮನ ರವಿಕೆ ಸಂಜೆಗೆ ಕೊಡ್ಬೇಕು ಅಂತಿದ್ಯಲ್ಲ" ಎಂದರು. ನಾನು ಕೂತು ತೋಳು ಜೋಡಿಸತೊಡಗಿದೆ. ಅತ್ತೆ ಶ್ರೀಧರ್ ಪಕ್ಕದಲ್ಲಿ ಚಾಪೆ ಹಾಸಿಕೊಂಡು, ತಮ್ಮ ತಾಯಿ ಮಿಷಿನ್ನನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬಂದಿದ್ದನ್ನು ಮೊದಲಿನಿಂದ ಹೇಳಲು ಶುರು ಮಾಡಿದರು.